ಹಾಸಿಗೆಯಿಂದ ಹಿಂದಕ್ಕೆ ಎಣಿಸುವ ಲೆಕ್ಕ

ಬೆಳಗಿನ ಏಳು ಗಂಟೆಗೆ ಬೆಂಗಳೂರಿನ ಯಾವುದೇ ದರ್ಶಿನಿಯ ಮುಂದೆ ಎರಡು ಬಗೆಯ ಜನ ನಿಂತಿರುತ್ತಾರೆ. ವಾಕಿಂಗ್ ಮುಗಿಸಿ ಬಂದವರು ಒಂದು ಕಡೆ. ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ, ಕಣ್ಣಲ್ಲಿ ಉರಿ, ಕೈಯಲ್ಲಿ ಖಾರಾಬಾತಿನ ತಟ್ಟೆ ಹಿಡಿದವರು ಇನ್ನೊಂದು ಕಡೆ. ಮೊದಲಿನವರಿಗೆ ಅದು ದಿನದ ಮೊದಲ ತಿಂಡಿ. ಎರಡನೆಯವರಿಗೆ ಅದು ತಿಂಡಿಯೋ, ರಾತ್ರಿ ಊಟವೋ, ಅವರಿಗೇ ಗೊತ್ತಿಲ್ಲ. ಮೇಲೊಂದು ಫಿಲ್ಟರ್ ಕಾಫಿ ಕುಡಿದು ಮನೆಗೆ ಹೋಗಿ ಮಲಗುತ್ತಾರೆ. ಮಲಗುತ್ತಾರೆ ಎನ್ನುವುದಕ್ಕಿಂತ, ಮಲಗಲು ನೋಡುತ್ತಾರೆ.

ಇಂಥವರಲ್ಲಿ ಒಬ್ಬರನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ವಯಸ್ಸು 34, ಎತ್ತರ 170 ಸೆಂಟಿಮೀಟರ್, ತೂಕ 82 ಕೆಜಿ, ಸೊಂಟದ ಸುತ್ತಳತೆ 98 ಸೆಂಟಿಮೀಟರ್. ಭಾರತೀಯ ಗಂಡಸರಿಗೆ ಸೊಂಟ 90 ದಾಟಿದರೆ ಅಪಾಯವೆಂದು ಎಣಿಸುತ್ತಾರೆ, ಹೆಂಗಸರಿಗೆ 80. ಮಾರತ್ತಹಳ್ಳಿ ಕಡೆಯ ಕಂಪನಿಯೊಂದರಲ್ಲಿ ಕ್ಯಾಲಿಫೋರ್ನಿಯಾದ ಗ್ರಾಹಕರಿಗೆ ಸಾಫ್ಟ್‌ವೇರ್ ಸಹಾಯ ಒದಗಿಸುವುದು ಕೆಲಸ. ಅಲ್ಲಿ ಬೇಸಿಗೆಯ ಬೆಳಗಿನ ಒಂಬತ್ತು ಎಂದರೆ ಇಲ್ಲಿ ರಾತ್ರಿ ಒಂಬತ್ತೂವರೆ. ಹಾಗಾಗಿ ಪಾಳಿ ರಾತ್ರಿ 9:30ರಿಂದ ಬೆಳಿಗ್ಗೆ 6:30, ವಾರಕ್ಕೆ ಐದು ರಾತ್ರಿ. ಕ್ಯಾಬ್ ಬನಶಂಕರಿಯ ಮನೆಗೆ ಇಳಿಸುವಾಗ ಏಳೂವರೆ.

ನೈಟ್ ಶಿಫ್ಟ್ ಸೇರಿದ ಎರಡು ವರ್ಷದಲ್ಲಿ ಒಂಬತ್ತು ಕೆಜಿ ಏರಿದೆ. ‘ರಾತ್ರಿ ಎದ್ದಿರೋದ್ರಿಂದ ಮೆಟಬಾಲಿಸಂ ಹಾಳಾಗಿದೆ’ ಎನ್ನುವುದು ಅವರ ನಂಬಿಕೆ. ಅವರೊಬ್ಬರದೇ ಅಲ್ಲ, ಕ್ಯಾಬಿನಲ್ಲಿ ಜೊತೆಗೆ ಕೂರುವ ಎಲ್ಲರದೂ ಅದೇ ಮಾತು.

ಆ ಮಾತಿನಲ್ಲಿ ಸತ್ಯದ ಪಾಲು ಇದೆ, ಆದರೆ ಸಣ್ಣದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಆರೋಗ್ಯವಂತರನ್ನು ಪ್ರಯೋಗಾಲಯದಲ್ಲಿಟ್ಟು, ರಾತ್ರಿ ಎಚ್ಚರವಿರಿಸಿ ಹಗಲು ಮಲಗಿಸಿ, ದೇಹ ಖರ್ಚು ಮಾಡುವ ಶಕ್ತಿಯನ್ನು ಅಳೆದರು. ದಿನದ ಖರ್ಚು ಇಳಿದದ್ದು ಶೇಕಡಾ ಮೂರರ ಆಸುಪಾಸು. ನಮ್ಮ ಉದ್ಯೋಗಿಯ ಮಟ್ಟಿಗೆ ಅದು ದಿನಕ್ಕೆ ಎಪ್ಪತ್ತು ಕ್ಯಾಲೊರಿಯೂ ಆಗದು. ಎರಡು ಚಮಚ ಸಕ್ಕರೆ ಹಾಕಿದ ಒಂದು ಕಪ್ ಚಹಾದಷ್ಟು. ಒಂಬತ್ತು ಕೆಜಿಯನ್ನು ಆ ಒಂದು ಕಪ್ಪಿನ ತಲೆಗೆ ಕಟ್ಟಲಾಗದು.

ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ಅವರ ಒಂದು ದಿನವನ್ನು ಬರೆದಿಟ್ಟರೆ ತಿಳಿಯುತ್ತದೆ. ಮಧ್ಯಾಹ್ನ ಒಂದಕ್ಕೆ ಎದ್ದು ಊಟ, 600 ಕ್ಯಾಲೊರಿ. ಹೊರಡುವ ಮುನ್ನ ಮನೆಯಲ್ಲಿ ಇನ್ನೊಂದು ಊಟ, 500. ರಾತ್ರಿ ಒಂದೂವರೆಗೆ ಕ್ಯಾಂಟೀನಿನ ಫ್ರೈಡ್ ರೈಸ್, 500. ನಾಲ್ಕಕ್ಕೆ ಸಮೋಸ, 200. ಏಳಕ್ಕೆ ಖಾರಾಬಾತ್ ಮತ್ತು ಒಂದು ಉದ್ದಿನವಡೆ, 400. ಇವುಗಳ ನಡುವೆ ಐದು ಕಪ್ ಕಾಫಿ, ತಲಾ ಎಪ್ಪತ್ತರಂತೆ 350. ಒಟ್ಟು 2,500 ದಾಟುತ್ತದೆ. ಅವರ ದೇಹ ಕೂತು ಮಾಡುವ ಕೆಲಸದಲ್ಲಿ ಖರ್ಚು ಮಾಡುವುದು ಸುಮಾರು 2,250. ಹೊಟ್ಟೆಬಾಕತನ ಎಲ್ಲೂ ಇಲ್ಲ, ನೋಡಿ. ಪ್ರತಿ ತಟ್ಟೆಯೂ ಸಾಧಾರಣ. ಆದರೆ ಹಗಲಿನವರಿಗೆ ಮೂರು ಹೊತ್ತಾದರೆ ಇವರಿಗೆ ಐದು ಹೊತ್ತು. ಹಗಲಿನ ಜಗತ್ತಿನ ಊಟವೂ ಬಿಟ್ಟಿಲ್ಲ, ರಾತ್ರಿಯ ಜಗತ್ತಿನದೂ ಬಿಟ್ಟಿಲ್ಲ.

ಇಷ್ಟು ತಿಳಿದ ಕೂಡಲೇ ಎಲ್ಲರೂ ಮಾಡುವುದು ಒಂದೇ: ಅನ್ನ ಬಿಡುವುದು. ಇಲ್ಲೇ ಎಡವುವುದೂ. ನೈಟ್ ಶಿಫ್ಟಿನವರು ಕೊಬ್ಬು ಇಳಿಸಲು ಮೊದಲು ಕೈಹಾಕಬೇಕಾದದ್ದು ತಟ್ಟೆಗಲ್ಲ, ಹಾಸಿಗೆಗೆ.

ಷಿಕಾಗೊ ವಿಶ್ವವಿದ್ಯಾಲಯದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪುಟ್ಟ ಪ್ರಯೋಗವೊಂದು ಇದಕ್ಕೆ ಕಾರಣ ಹೇಳುತ್ತದೆ. ತೂಕ ಹೆಚ್ಚಿದ್ದ ಹತ್ತು ಜನರನ್ನು ಹದಿನಾಲ್ಕು ದಿನ ಕಡಿಮೆ ಕ್ಯಾಲೊರಿಯ ಆಹಾರದಲ್ಲಿಟ್ಟು ರಾತ್ರಿ ಎಂಟೂವರೆ ಗಂಟೆ ಹಾಸಿಗೆಯಲ್ಲಿರಲು ಬಿಟ್ಟರು. ಇನ್ನೊಮ್ಮೆ ಅದೇ ಜನ, ಅಷ್ಟೇ ಕಟ್ಟುನಿಟ್ಟಿನ ಆಹಾರ, ಆದರೆ ಹಾಸಿಗೆಯಲ್ಲಿ ಐದೂವರೆ ಗಂಟೆ ಮಾತ್ರ. ಎರಡೂ ಸಲ ಇಳಿದ ತೂಕ ಹೆಚ್ಚುಕಡಿಮೆ ಒಂದೇ, ಮೂರು ಕೆಜಿ. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕೆಜಿ ಕೊಬ್ಬು, ನಿದ್ದೆಗೆಟ್ಟಾಗ 0.6 ಕೆಜಿ ಮಾತ್ರ. ಮಿಕ್ಕದ್ದು ಮಾಂಸಖಂಡ ಮುಂತಾದ ಕೊಬ್ಬಲ್ಲದ ಭಾಗದಿಂದ ಹೋಯಿತು. ಹತ್ತೇ ಜನರ ಪ್ರಯೋಗ, ಅದನ್ನು ವೇದವಾಕ್ಯ ಮಾಡಬೇಕಿಲ್ಲ. ಆದರೂ ತೂಕದ ಯಂತ್ರ ಸಂತೋಷದ ಸುದ್ದಿ ಕೊಡುತ್ತಿರುವಾಗಲೇ ಹೊಟ್ಟೆ ಇದ್ದಲ್ಲೇ ಇರುವುದು ಏಕೆಂದು ಅದು ವಿವರಿಸುತ್ತದೆ. ಅದೇ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಆರೂವರೆ ಗಂಟೆಗಿಂತ ಕಡಿಮೆ ಮಲಗುವ 80 ಜನರ ಪೈಕಿ ಒಂದು ಗುಂಪಿಗೆ ನಿದ್ದೆಯನ್ನು ದಿನಕ್ಕೆ ಒಂದು ಗಂಟೆಯ ಮೇಲೆ ಹೆಚ್ಚಿಸಿಕೊಳ್ಳುವ ದಾರಿ ಹೇಳಿಕೊಟ್ಟರು. ಊಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಗುಂಪಿನವರು ಇನ್ನೊಂದು ಗುಂಪಿಗಿಂತ ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು, ತಾವಾಗಿಯೇ.

ಆದ್ದರಿಂದ ಲೆಕ್ಕ ಶುರುವಾಗುವುದು ಹಾಸಿಗೆಯಿಂದ. ನಮ್ಮ ಉದ್ಯೋಗಿ ಮೊದಲು ನಿಗದಿ ಮಾಡಬೇಕಾದ ಗಂಟೆ ಬೆಳಗಿನ 8:15. ಅಲ್ಲಿಂದ ಮಧ್ಯಾಹ್ನ 2:45ರವರೆಗೆ ನಿದ್ದೆ. ಆ ಗಂಟೆಯಿಂದ ಹಿಂದಕ್ಕೆ ಎಣಿಸಿದರೆ ಕಾಫಿಯ ಸಮಯ, ಊಟದ ಸಮಯ ಎಲ್ಲ ತಾವಾಗಿ ಹೊರಬೀಳುತ್ತವೆ.

ಮೊದಲು ಕಾಫಿ. ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ. ಅದರ ಒತ್ತಡವೇ ನಿದ್ದೆಯ ಒತ್ತಡ. ಕೆಫೀನ್ ಅದನ್ನು ತೆಗೆದುಹಾಕುವುದಿಲ್ಲ, ಅದು ಕೂರಬೇಕಾದ ಜಾಗದಲ್ಲಿ ತಾನು ಕೂತು ಅಡ್ಡಗಟ್ಟುತ್ತದೆ, ಅಷ್ಟೆ. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸಾಧಾರಣವಾಗಿ ಐದು ಗಂಟೆ ಬೇಕು. ಕೆಲವರಿಗೆ ಮೂರೇ ಗಂಟೆ, ಕೆಲವರಿಗೆ ಏಳು. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವ ಹೆಂಗಸರಲ್ಲಿ ಇದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಕೊಟ್ಟ ಅಂದಾಜಿನಂತೆ 150 ಮಿಲಿಲೀಟರ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ದಿನದ ಮಿತಿ 300. ಅಂದಹಾಗೆ, ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೋರಿಯಲ್ಲಿ ಕೆಫೀನ್ ಇಲ್ಲ. ಚಿಕೋರಿ ಜಾಸ್ತಿಯಿದ್ದ ಪುಡಿಯ ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಕಂಡರೂ ಎಬ್ಬಿಸುವ ಶಕ್ತಿಯಲ್ಲಿ ಹಿಂದೆಯೇ.

ಈಗ ಅವರ ಹಳೆಯ ದಿನಚರಿಯನ್ನು ಈ ತಕ್ಕಡಿಯಲ್ಲಿಡಿ. ರಾತ್ರಿ ಒಂಬತ್ತೂವರೆ, ಹನ್ನೊಂದೂವರೆ, ಒಂದೂವರೆ, ನಾಲ್ಕು, ಹೀಗೆ ಆಫೀಸಿನ ಯಂತ್ರದ ನಾಲ್ಕು ಕಪ್, ತಲಾ 60 ಮಿಲಿಗ್ರಾಂ. ಏಳಕ್ಕೆ ದರ್ಶಿನಿಯ ಫಿಲ್ಟರ್ ಕಾಫಿ, 100. ಒಟ್ಟು 340. ಬೆಳಿಗ್ಗೆ ಎಂಟೂವರೆಗೆ ತಲೆಯಿಟ್ಟಾಗ ಮೈಯಲ್ಲಿ ಇನ್ನೂ ಸುಮಾರು 165 ಮಿಲಿಗ್ರಾಂ ಉಳಿದಿರುತ್ತದೆ. ಅಂದರೆ ಒಂದೂವರೆ ಲೋಟ ಫಿಲ್ಟರ್ ಕಾಫಿಯನ್ನು ಆಗತಾನೇ ಕುಡಿದು ಮಲಗಿದಂತೆ. ‘ನನಗೆ ಕಾಫಿ ಕುಡಿದ್ರೂ ನಿದ್ದೆ ಬರುತ್ತೆ’ ಎನ್ನುವವರು ಬಹಳ. ಬರುವುದು ನಿಜ, ರಾತ್ರಿಯಿಡೀ ಎದ್ದವರಿಗೆ ಬಾರದೆ ಏನು? ಆದರೆ ಆ ನಿದ್ದೆ ಹಗುರ, ಚೂರುಚೂರು. ಹನ್ನೆರಡೂವರೆಗೆ ಗ್ಯಾಸ್ ಸಿಲಿಂಡರಿನ ಸದ್ದಿಗೆ ಒಡೆದದ್ದು ಮತ್ತೆ ಕೂಡಿಕೊಳ್ಳುವುದಿಲ್ಲ. ಮಲಗುವ ಆರು ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ಕೊಟ್ಟು ನೋಡಿದ 2013ರ ಅಮೆರಿಕನ್ ಪ್ರಯೋಗದಲ್ಲಿ ನಿದ್ದೆ ಒಂದು ಗಂಟೆಗೂ ಹೆಚ್ಚು ತಗ್ಗಿತ್ತು.

ಹೊಸ ಲೆಕ್ಕದಲ್ಲಿ ಮಲಗುವ ಹೊತ್ತಿಗೆ ಏಳೂವರೆ ಗಂಟೆ ಮೊದಲೇ ಕಾಫಿಗೆ ಬೀಗ. ಮಧ್ಯಾಹ್ನ ಎದ್ದ ಮೇಲೆ ಮೂರೂವರೆಗೆ ಮನೆಯ ಫಿಲ್ಟರ್ ಕಾಫಿ ಒಂದು. ರಾತ್ರಿ ಪಾಳಿ ಶುರುವಾದಾಗ 9:45ಕ್ಕೆ ಒಂದು, 12:45ಕ್ಕೆ ಕೊನೆಯದು. ಒಟ್ಟು 220 ಮಿಲಿಗ್ರಾಂ. 8:15ಕ್ಕೆ ಮೈಯಲ್ಲಿ ಉಳಿಯುವುದು 45ರಷ್ಟು. ಸಕ್ಕರೆ ಅರ್ಧ ಮಾಡಿದರೆ ಮೂರು ಕಪ್ಪಿಗೆ 130 ಕ್ಯಾಲೊರಿ. ಹಳೆಯ ಲೆಕ್ಕಕ್ಕಿಂತ 220 ಉಳಿತಾಯ, ಯಾವ ಊಟವನ್ನೂ ಮುಟ್ಟದೆ.

ಇದನ್ನು ಕಾಗದದ ಮೇಲೆ ಬರೆಯುವುದು ಸುಲಭ. ಬೆಳಗಿನ ಜಾವ ಮೂರರಿಂದ ಐದರವರೆಗೆ, ಮೈಯ ಉಷ್ಣತೆ ತಳ ಮುಟ್ಟುವ ಹೊತ್ತಿನಲ್ಲಿ, ಪಾಲಿಸುವುದು ಕಷ್ಟ. ಎಲ್ಲರ ಕೈ ಕಾಫಿ ಯಂತ್ರದ ಕಡೆಗೆ ಹೋಗುವುದು ಆಗಲೇ. ಆ ಹೊತ್ತಿಗೆ ಕೆಲಸಕ್ಕೆ ಬರುವುದು ಇಪ್ಪತ್ತು ನಿಮಿಷದ ಸಣ್ಣ ನಿದ್ದೆ. ವಿರಾಮದ ಕೋಣೆಯ ಸೋಫಾ ಸಾಕು. ಅಲಾರಂ ಇಪ್ಪತ್ತು ನಿಮಿಷಕ್ಕೇ ಇರಲಿ, ನಲವತ್ತಾದರೆ ಆಳಕ್ಕಿಳಿದು ಎದ್ದ ಮೇಲೆ ತಲೆ ಭಾರ. ಅದಕ್ಕೆ ಅವಕಾಶವಿಲ್ಲದ ಕಡೆ ಪ್ರಖರ ಬೆಳಕಿನಲ್ಲಿ ಹತ್ತು ನಿಮಿಷ ಮೆಟ್ಟಿಲು ಹತ್ತಿಳಿಯುವುದು. ಒಂದು ಎಚ್ಚರಿಕೆ ಮಾತ್ರ ಬೇಕು: ಮೇಲಿನ ನಿಯಮ ಕ್ಯಾಬಿನಲ್ಲಿ ಹೋಗುವವರಿಗೆ. ಸ್ವಂತ ಬೈಕ್ ಓಡಿಸಿಕೊಂಡು ಹೋಗುವವರು ತೂಕಡಿಕೆ ಇದ್ದರೆ ಹೊರಡುವ ಮೊದಲು ಅಲ್ಲೇ ಮಲಗಿ ಹೊರಡಬೇಕು, ಅದೂ ಆಗದಿದ್ದರೆ ಕಾಫಿ ಕುಡಿದೇ ಹೊರಡಬೇಕು. ವರ್ತುಲ ರಸ್ತೆಯ ಮೇಲೆ ಕೊಬ್ಬಿನ ಲೆಕ್ಕ ಹಾಕುವುದಲ್ಲ.

ಇನ್ನು ಊಟ. ರಾತ್ರಿ ತಿಂದದ್ದು ಹಗಲು ತಿಂದದ್ದಕ್ಕಿಂತ ಹೆಚ್ಚು ಕ್ಯಾಲೊರಿ ಆಗಿಬಿಡುವುದಿಲ್ಲ. ಆದರೆ ಅದೇ ಅನ್ನವನ್ನು ರಾತ್ರಿ ಎರಡಕ್ಕೆ ಉಂಡರೆ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ, ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಮೇದೋಜೀರಕಕ್ಕೂ ಯಕೃತ್ತಿಗೂ ತಮ್ಮದೇ ಗಡಿಯಾರಗಳಿವೆ. ನಾವು ಎಚ್ಚರವಿದ್ದೇವೆಂದು ಅವು ಅಂಗಡಿ ತೆರೆದಿಟ್ಟಿರುವುದಿಲ್ಲ. ಬಾಸ್ಟನ್ನಿನಲ್ಲಿ 19 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೃತಕ ರಾತ್ರಿಪಾಳಿ ಮಾಡಿಸಿ ರಾತ್ರಿಯೂ ಉಣಬಡಿಸಿದವರ ಸರಾಸರಿ ಸಕ್ಕರೆ ಶೇಕಡಾ 6.4ರಷ್ಟು ಏರಿತು, ಅದೇ ಪಾಳಿಯಲ್ಲಿ ಹಗಲು ಮಾತ್ರ ಉಂಡವರಲ್ಲಿ ಏರಲಿಲ್ಲ. ಹಾಗೆಂದು ಒಂಬತ್ತು ಗಂಟೆ ಖಾಲಿ ಹೊಟ್ಟೆಯಲ್ಲಿ ಫೋನು ಎತ್ತುತ್ತಾ ಕೂತವರು ಬೆಳಿಗ್ಗೆ ದರ್ಶಿನಿಯಲ್ಲಿ ಏನು ಮಾಡುತ್ತಾರೆಂದು ಹೇಳಬೇಕಿಲ್ಲ. ಮಧ್ಯದ ದಾರಿ ಹೀಗೆ: ಎರಡು ದೊಡ್ಡ ಊಟ ಪಾಳಿಗೆ ಮುನ್ನ, ಎರಡು ಸಣ್ಣ ತಿನಿಸು ಆಮೇಲೆ.

ಮಧ್ಯಾಹ್ನ ಮೂರೂಕಾಲಿಗೆ, ಕಾಫಿಗೂ ಮೊದಲು, ದಿನದ ದೊಡ್ಡ ಊಟ ಅಂದುಕೊಂಡರೆ ಎದ್ದ ಕೂಡಲೇ ಕೆಲವರಿಗೆ ಸೇರದು. ಹಾಗಿದ್ದರೆ ಕಾಫಿ ಮೊದಲಾಗಲಿ, ಊಟ ನಾಲ್ಕೂವರೆಗೆ. ಮಧ್ಯಮ ಗಾತ್ರದ ಒಂದು ರಾಗಿಮುದ್ದೆ, ಬೇಳೆ ಹಾಕಿದ ಸೊಪ್ಪಿನ ಸಾರು, ಅಂಗೈಯಗಲ ಕೋಳಿ ಮಾಂಸ: ಸುಮಾರು 610 ಕ್ಯಾಲೊರಿ. ಮಾಂಸ ತಿನ್ನದವರು 50 ಗ್ರಾಂ ಒಣ ಸೋಯಾ ತುಂಡನ್ನು ನೆನೆಸಿ ಸಾರಿಗೆ ಹಾಕಿದರೆ 26 ಗ್ರಾಂ ಪ್ರೋಟೀನ್ ಸಿಗುತ್ತದೆ. ಏಳೂವರೆಗೆ, ಕ್ಯಾಬ್ ಬರುವ ಮುನ್ನ, ಎರಡು ಚಪಾತಿ, ಪಲ್ಯ, ಒಂದು ಬಟ್ಟಲು ದಾಲ್, ಒಂದು ಬಟ್ಟಲು ಮೊಸರು: 570. ರಾತ್ರಿ ಎರಡಕ್ಕೆ, ಜೊತೆಯವರು ಫ್ರೈಡ್ ರೈಸಿನ ಸಾಲಿನಲ್ಲಿ ನಿಂತಾಗ, ಡಬ್ಬಿಯಲ್ಲಿ ತಂದ ಎರಡು ಬೇಯಿಸಿದ ಮೊಟ್ಟೆ ಮತ್ತು ಒಂದು ಹಿಡಿ ಉಸಲಿ: 230. ಬೆಳಿಗ್ಗೆ ಏಳೂವರೆಗೆ ಮನೆಯಲ್ಲಿ ಎರಡು ಇಡ್ಲಿ, ಸಾಂಬಾರ್: 210. ಕಾಫಿ ಸೇರಿ ಒಟ್ಟು 1,750. ಪ್ರೋಟೀನ್ 90 ಗ್ರಾಂ ಹತ್ತಿರ. ಖರ್ಚಿಗೂ ಗಳಿಕೆಗೂ ಐನೂರರ ಅಂತರ. ವಾರಕ್ಕೆ ಅರ್ಧ ಕೆಜಿಗಿಂತ ತುಸು ಕಡಿಮೆ ಇಳಿಯಬೇಕು. ಇದಕ್ಕಿಂತ ಬೇಗ ಇಳಿಸಲು ಹೋದರೆ ಹಸಿವು ಹಗಲು ನಿದ್ದೆಯನ್ನು ಎಬ್ಬಿಸುತ್ತದೆ, ಕಟ್ಟಿದ ಲೆಕ್ಕವೆಲ್ಲ ಬುಡದಿಂದ ಕುಸಿಯುತ್ತದೆ.

ಬೆಳಗಿನ ಆ ಎರಡು ಇಡ್ಲಿಯ ವಿಷಯಕ್ಕೆ ಮನೆಯಲ್ಲಿ ವಾದ ನಡೆಯುವುದು ಖಂಡಿತ. ‘ರಾತ್ರಿಯೆಲ್ಲ ದುಡಿದು ಬಂದಿದೀಯ, ಎರಡೇ ಇಡ್ಲಿ ಸಾಕಾಗುತ್ತೇನೋ? ಇನ್ನೆರಡು ಹಾಕ್ತೀನಿ ತಡಿ’ ಎನ್ನುವ ಅಮ್ಮಂದಿರು ಬನಶಂಕರಿಯಲ್ಲೂ ಇದ್ದಾರೆ, ಬಳ್ಳಾರಿಯಲ್ಲೂ ಇದ್ದಾರೆ. ಅವರಿಗೆ ಇದು ಬೆಳಗಿನ ತಿಂಡಿಯಲ್ಲ, ಮಲಗುವ ಮುಂಚಿನ ಊಟ ಎಂದು ಒಮ್ಮೆ ವಿವರಿಸಿದರೆ ಅರ್ಥವಾಗುತ್ತದೆ. ರಾತ್ರಿ ಹತ್ತಕ್ಕೆ ಉದ್ದಿನವಡೆ ತಿಂದು ಮಲಗಬೇಡ ಎಂದು ಹೇಳಿಕೊಟ್ಟವರೂ ಅವರೇ ತಾನೇ.

ಮಲಗುವ ಕೋಣೆಗೆ ಹೆಚ್ಚು ಖರ್ಚಿಲ್ಲ. ದಪ್ಪ ಪರದೆ, ಸಂದಿಗೆ ಕಪ್ಪು ಚಾರ್ಟ್ ಕಾಗದ, ಸದ್ದು ಮುಚ್ಚಲು ಫ್ಯಾನು. ಕ್ಯಾಬಿನಲ್ಲಿ ಬರುವಾಗ ತಂಪು ಕನ್ನಡಕ, ಏಕೆಂದರೆ ಏಳರ ಬಿಸಿಲು ಕಣ್ಣಿಗೆ ಬಿದ್ದಷ್ಟೂ ಮಿದುಳು ಬೆಳಗಾಯಿತೆಂದು ತೀರ್ಮಾನಿಸುತ್ತದೆ. ಕುಕ್ಕರಿನ ವಿಷಲ್ ಮತ್ತು ಪಾರ್ಸೆಲ್ ತರುವ ಹುಡುಗನ ಬೆಲ್, ಇವೆರಡಕ್ಕೆ ಮನೆಯವರ ಸಹಕಾರ ಬೇಕೇ ಬೇಕು.

ನಿಜವಾಗಿ ಲೆಕ್ಕ ತಪ್ಪುವುದು ರಜೆಯ ಎರಡು ದಿನ. ಶನಿವಾರ ಬೆಳಿಗ್ಗೆ ಬಂದವರು ಒಂದು ಗಂಟೆ ಮಲಗಿ, ಮದುವೆಗೋ ಮಾಲಿಗೋ ಹೋಗಿ, ರಾತ್ರಿ ಹತ್ತಕ್ಕೆ ಮನೆಮಂದಿಯೊಂದಿಗೆ ಮಲಗುತ್ತಾರೆ. ಸೋಮವಾರ ಮತ್ತೆ ತಲೆಕೆಳಗು. ವಾರವಾರವೂ ಕ್ಯಾಲಿಫೋರ್ನಿಯಾಕ್ಕೆ ಹಾರಿ ವಾಪಸ್ ಬಂದಂತೆ ದೇಹಕ್ಕೆ. ಷಿಕಾಗೊದ ರಷ್ ವಿಶ್ವವಿದ್ಯಾಲಯದಲ್ಲಿ ಚಾರ್ಮೇನ್ ಈಸ್ಟ್‌ಮನ್ ಅವರ ತಂಡ ಇದಕ್ಕೊಂದು ರಾಜಿ ಸೂತ್ರ ಕಂಡುಕೊಂಡಿತು: ಕೆಲಸದ ದಿನ ಬೆಳಿಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಮೂರೂವರೆ, ರಜೆಯ ದಿನ ರಾತ್ರಿ ಮೂರರಿಂದ ಮಧ್ಯಾಹ್ನ ಹನ್ನೆರಡು. ಎರಡರಲ್ಲೂ ಸಾಮಾನ್ಯವಾಗಿ ಉಳಿಯುವ ಮೂರೂವರೆ ಗಂಟೆ ಗಡಿಯಾರಕ್ಕೆ ಗೂಟ ಹೊಡೆದಂತೆ ಕೆಲಸ ಮಾಡುತ್ತದೆ. ಹೀಗಾದರೆ ಸಂಜೆ, ರಾತ್ರಿ ಮನೆಯವರಿಗೆ ಸಿಗುತ್ತದೆ. ಬೆಳಗಿನ ಮುಹೂರ್ತಗಳು ಮಾತ್ರ ತಪ್ಪುತ್ತವೆ. ಆಸ್ಪತ್ರೆಯ ನರ್ಸುಗಳಂತೆ ವಾರವಾರ ಪಾಳಿ ಬದಲಾಗುವವರಿಗೆ ಈ ಸೂತ್ರ ಹೊಂದುವುದಿಲ್ಲ. ಎರಡು ಮೂರು ರಾತ್ರಿ ಮಾತ್ರ ಕೆಲಸವಿದ್ದಾಗ ಗಡಿಯಾರ ತಿರುಗಿಸಲು ಹೋಗದೆ, ಪಾಳಿಗೆ ಮುನ್ನ ಸಂಜೆ ಒಂದೂವರೆ ಗಂಟೆ ಮಲಗಿ ಹೋಗುವುದು ಲೇಸು.

ತೂಕ ನೋಡುವುದೂ ಪಾಳಿ ಮುಗಿಸಿ ಬಂದಾಗ ಅಲ್ಲ. ಕ್ಯಾಂಟೀನಿನ ಉಪ್ಪು, ಕುಡಿದ ನೀರು, ಕೂತೇ ಇದ್ದ ಕಾಲಿನ ಬಾವು ಸೇರಿ ಒಂದು ಕೆಜಿ ಸುಳ್ಳು ತೋರಿಸಬಹುದು. ಮಧ್ಯಾಹ್ನ ಎದ್ದು, ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ ನೋಡಿ, ವಾರದ ಸರಾಸರಿ ಬರೆದಿಡಬೇಕು. ಜೊತೆಗೆ ಹದಿನೈದು ದಿನಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಟೇಪು. ತೂಕ ಇಳಿದು ಟೇಪು ಕದಲದಿದ್ದರೆ, ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಿಗೆ ತೊಡೆ ನಡುಗಿದರೆ, ಹೋಗುತ್ತಿರುವುದು ಕೊಬ್ಬಲ್ಲ ಎಂದು ತಿಳಿಯಬೇಕು. ಆಗ ನೋಡಬೇಕಾದದ್ದು ನಿದ್ದೆಯ ಗಂಟೆಗಳನ್ನು. ಸತತ ಐದು ಗಂಟೆಗಿಂತ ಕಡಿಮೆ ಮಲಗಿದ ವಾರದಲ್ಲಿ ಊಟ ಕಡಿತ ನಿಲ್ಲಿಸಿ, 2,250ಕ್ಕೆ ಮರಳಿ, ನಿದ್ದೆ ಸರಿಯಾದ ಮೇಲೆ ಮತ್ತೆ ಇಳಿಸುವುದೇ ಜಾಣತನ. ಏಳು ಗಂಟೆ ಮಲಗಿಯೂ ದಣಿವು ಹೋಗದೆ, ಜೋರು ಗೊರಕೆಯ ನಡುವೆ ಉಸಿರು ಕಟ್ಟುತ್ತದೆಂದು ಮನೆಯವರು ಹೇಳಿದರೆ ವೈದ್ಯರಿಗೆ ತೋರಿಸಬೇಕು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಿಸಬಾರದು, ರಾತ್ರಿ ಪಾಳಿಯ ನಡುವೆ ಸಕ್ಕರೆ ದಿಢೀರನೆ ಕುಸಿಯಬಹುದು.

ಇಷ್ಟೆಲ್ಲ ಕಟ್ಟಿದ ಲೆಕ್ಕಕ್ಕೂ ವರ್ಷಕ್ಕೆರಡು ಸಲ ತಿದ್ದುಪಡಿ ಇದೆ. ನವೆಂಬರಿನ ಮೊದಲ ಭಾನುವಾರ ಅಮೆರಿಕ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಮಾರತ್ತಹಳ್ಳಿಯಲ್ಲಿ ಪಾಳಿ ಹತ್ತೂವರೆಗೆ ಶುರುವಾಗುತ್ತದೆ, ಹಾಸಿಗೆ ಒಂಬತ್ತೂಕಾಲಿಗೆ ಸರಿಯುತ್ತದೆ, ಕೊನೆಯ ಕಾಫಿ 1:45ಕ್ಕೆ. ಮಾರ್ಚಿನ ಎರಡನೇ ಭಾನುವಾರ ಎಲ್ಲವೂ ಮತ್ತೆ ಒಂದು ಗಂಟೆ ಹಿಂದಕ್ಕೆ ಬರುತ್ತದೆ.